ಬೆಳಕಿಗೆ ಕೈ ಬಂದದ್ದು

‘ಕರುಣಾಳು ಬಾ ಬೆಳಕೆ’ಯನ್ನು ಶಾಲೆಯ ಪ್ರಾರ್ಥನೆಯಲ್ಲಿ ಹಾಡಿ ಬೆಳೆದ ಅನೇಕರಿಗೆ ಅದೊಂದು ಅನುವಾದ ಎಂಬುದು ಗೊತ್ತಾಗುವುದು ದೊಡ್ಡವರಾದ ಮೇಲೆಯೇ. ಗೊತ್ತಾದಾಗಲೂ ನಂಬಿಕೆ ಬರುವುದಿಲ್ಲ. ದಾಸರ ಪದದ ಹಾಗೆ ಕೇಳಿಸುವ ಇದು ಇಂಗ್ಲೆಂಡಿನ ಪಾದ್ರಿಯೊಬ್ಬರು ಬರೆದದ್ದೆ? ಹೌದು. ಜಾನ್ ಹೆನ್ರಿ ನ್ಯೂಮನ್ 1833ರ ಜೂನ್ ತಿಂಗಳಲ್ಲಿ ಬರೆದ ‘ಲೀಡ್, ಕೈಂಡ್ಲಿ ಲೈಟ್’ ಎಂಬ ಹದಿನೆಂಟು ಸಾಲಿನ ಕವಿತೆ ಇದರ ಮೂಲ. ಬಿ. ಎಂ. ಶ್ರೀಕಂಠಯ್ಯನವರು ಅದನ್ನು ಕನ್ನಡಿಸಿ 1926ರ ‘ಇಂಗ್ಲಿಷ್ ಗೀತಗಳು’ ಸಂಕಲನದಲ್ಲಿ ಸೇರಿಸಿದರು.

ಅನುವಾದದಲ್ಲಿ ಏನು ಹೋಗುತ್ತದೆ, ಏನು ಬರುತ್ತದೆ ಎಂಬ ಚರ್ಚೆ ಸಾಮಾನ್ಯವಾಗಿ ಗಾಳಿಯಲ್ಲೇ ನಡೆಯುತ್ತದೆ. ಮೂಲವನ್ನೂ ಅನುವಾದವನ್ನೂ ಅಕ್ಕಪಕ್ಕ ಇಟ್ಟುಕೊಂಡು ಪದಪದವಾಗಿ ನೋಡಿದರೆ ಉತ್ತರ ಬೇರೆಯೇ ಸಿಗಬಹುದು. ಅದಕ್ಕೆ ಈ ಜೋಡಿಗಿಂತ ಒಳ್ಳೆಯದು ನಮಗೆ ಸಿಗಲಾರದು. ಕನ್ನಡದ್ದು ಬಹುಮಂದಿಗೆ ಬಾಯಿಪಾಠ, ಇಂಗ್ಲಿಷಿನದು ಯಾವ ಗ್ರಂಥಾಲಯದಲ್ಲಾದರೂ ದೊರೆಯುತ್ತದೆ. ಹಾಗಾಗಿ ಪದ್ಯಗಳನ್ನು ಇಲ್ಲಿ ಅಚ್ಚು ಹಾಕುವ ಗೋಜಿಗೆ ಹೋಗದೆ, ಬೆರಳಿಟ್ಟು ತೋರಿಸಬೇಕಾದ ಮಾತುಗಳನ್ನಷ್ಟೇ ತೋರಿಸುತ್ತೇನೆ.

ಮೊದಲು ಇಂಗ್ಲಿಷ್ ಪದ್ಯ ಹುಟ್ಟಿದ ಸಂದರ್ಭ ಗೊತ್ತಿರಬೇಕು. ನ್ಯೂಮನ್ನರಿಗೆ ಆಗ ಮೂವತ್ತೆರಡು ವರ್ಷ. ಆಕ್ಸ್‌ಫರ್ಡಿನಲ್ಲಿದ್ದ ಆಂಗ್ಲಿಕನ್ ಪಾದ್ರಿ. ಪ್ರವಾಸಕ್ಕೆಂದು ಹೋದವರು ಒಬ್ಬರೇ ಸಿಸಿಲಿಯ ಒಳನಾಡಿಗೆ ಹೊಕ್ಕಾಗ ಭಾರಿ ಜ್ವರ ಹಿಡಿಯಿತು. ಜೊತೆಗಿದ್ದ ಆಳು ಇವರು ಉಳಿಯುವುದಿಲ್ಲವೆಂದೇ ಎಣಿಸಿ ಕೊನೆಯ ಮಾತೇನಾದರೂ ಉಂಟೆ ಎಂದು ಕೇಳಿದನಂತೆ. ತಾನು ಬೆಳಕಿಗೆ ದ್ರೋಹ ಬಗೆದಿಲ್ಲ, ಹಾಗಾಗಿ ಸಾಯುವುದಿಲ್ಲ ಎಂದು ನ್ಯೂಮನ್ ಉತ್ತರ ಕೊಟ್ಟರು. ಚೇತರಿಸಿಕೊಂಡ ಮೇಲೆ ಊರಿಗೆ ಮರಳಲು ಹಡಗು ಸಿಗದೆ ಪಲೆರ್ಮೊದಲ್ಲಿ ಮೂರು ವಾರ ಕಾದರು. ಕೊನೆಗೆ ಕಿತ್ತಳೆ ಹಣ್ಣು ತುಂಬಿಕೊಂಡು ಮಾರ್ಸೇಲಿಗೆ ಹೊರಟಿದ್ದ ದೋಣಿ ಹತ್ತಿದರೆ, ಕಾರ್ಸಿಕ ಮತ್ತು ಸಾರ್ಡಿನಿಯ ದ್ವೀಪಗಳ ನಡುವಿನ ಬೊನಿಫಾಸಿಯೊ ಜಲಸಂಧಿಯಲ್ಲಿ ಗಾಳಿ ಬಿದ್ದುಹೋಗಿ ದೋಣಿ ಒಂದು ವಾರ ನಿಂತಲ್ಲೇ ನಿಂತಿತು. ಈ ಪದ್ಯ ಬರೆದದ್ದು ಅಲ್ಲಿ. ಮನೆ ದೂರವಿದೆ ಎನ್ನುವ ಮಾತು ಪದ್ಯದ ಆರಂಭದಲ್ಲೇ ಬರುತ್ತದೆ. ಅದನ್ನು ಬರೆಯುವಾಗ ಅವರ ಮನೆ ನಿಜಕ್ಕೂ ದೂರವಿತ್ತು.

ಅವರು ಪದ್ಯಕ್ಕೆ ಕೊಟ್ಟ ಹೆಸರು ‘ಮೇಘಸ್ತಂಭ’ ಎಂಬರ್ಥದ್ದು. ಬೈಬಲಿನ ವಿಮೋಚನಕಾಂಡದ ಕಥೆ ಅದು. ಈಜಿಪ್ಟಿನ ದಾಸ್ಯದಿಂದ ಹೊರಟ ಇಸ್ರೇಲಿನ ಜನಕ್ಕೆ ದೇವರು ಹಗಲಲ್ಲಿ ಮೋಡದ ಕಂಬವಾಗಿ, ಇರುಳಲ್ಲಿ ಬೆಂಕಿಯ ಕಂಬವಾಗಿ ಮುಂದೆ ಮುಂದೆ ಹೋಗುತ್ತ ಮರುಭೂಮಿಯಲ್ಲಿ ದಾರಿ ತೋರಿಸಿದ. ಇದು ನೆನಪಿದ್ದರೆ ಪದ್ಯದ ಬೆಳಕು ಎಂಥದು ಎನ್ನುವುದು ಸ್ಪಷ್ಟವಾಗುತ್ತದೆ. ಅದು ಮುಂದೆ ಇರುತ್ತದೆ, ನಾವು ಹಿಂದೆ ನಡೆಯುತ್ತೇವೆ. ಅದನ್ನು ಯಾರೂ ಮುಟ್ಟುವುದಿಲ್ಲ, ಅದೂ ಯಾರನ್ನೂ ಮುಟ್ಟುವುದಿಲ್ಲ.

ಈಗ ಕನ್ನಡಕ್ಕೆ ಬನ್ನಿ. ಇಂಗ್ಲಿಷ್ ಪದ್ಯ ಶುರುವಾಗುವುದು ಒಂದು ಕ್ರಿಯಾಪದದಿಂದ: ದಾರಿ ತೋರಿಸು, ಮುನ್ನಡೆ. ಆಮೇಲೆ ಬೆಳಕಿನ ಸಂಬೋಧನೆ. ಬಿಎಂಶ್ರೀ ಇದನ್ನು ತಿರುಗಿಸಿದರು. ಮೊದಲು ‘ಕರುಣಾಳು’ ಎಂದು ಕರೆದರು, ಮರುಕ್ಷಣ ‘ಬಾ’ ಎಂದರು. ಈ ‘ಬಾ’ ಮೂಲದಲ್ಲಿ ಎಲ್ಲಿಯೂ ಇಲ್ಲ. ನ್ಯೂಮನ್ನರ ಬೆಳಕು ಆಗಲೇ ಅಲ್ಲಿದೆ, ಅದು ಮುಂದಕ್ಕೆ ಸಾಗಬೇಕು ಅಷ್ಟೆ. ಕನ್ನಡದ ಬೆಳಕು ಇನ್ನೂ ಬರಬೇಕಾಗಿದೆ, ಅದನ್ನು ಹತ್ತಿರಕ್ಕೆ ಕರೆಯಬೇಕಾಗಿದೆ. ವಿಶೇಷಣವೂ ಬದಲಾಯಿತು. ಇಂಗ್ಲಿಷಿನದು ಸೌಮ್ಯವಾದ, ಮೃದುವಾದ ಬೆಳಕು. ‘ಕರುಣಾಳು’ ಅಂದಕೂಡಲೇ ಕನ್ನಡದ ಕಿವಿಗೆ ಅದು ಬೆಳಕಿನ ಗುಣವಾಗಿ ಉಳಿಯದೆ ದೇವರ ಹೆಸರೇ ಆಗಿಬಿಡುತ್ತದೆ. ಇದೇ ಪದ್ಯ ಗಾಂಧೀಜಿಗೆ ಅಚ್ಚುಮೆಚ್ಚಿನದು. ನರಸಿಂಹರಾವ್ ದಿವೇಟಿಯಾ ಅವರು ಮಾಡಿದ ಗುಜರಾತಿ ಅನುವಾದ ಅವರ ಆಶ್ರಮದ ಪ್ರಾರ್ಥನೆಯಲ್ಲಿ ಸೇರಿತ್ತು. ಅಲ್ಲಿ ಬೆಳಕು ‘ಪ್ರೇಮಳ ಜ್ಯೋತಿ’ ಆಯಿತು. ಒಂದು ಭಾಷೆ ಪ್ರೀತಿಯನ್ನು ಆರಿಸಿತು, ಇನ್ನೊಂದು ಕರುಣೆಯನ್ನು. ಬರಿಯ ಸೌಮ್ಯತೆ ಎರಡಕ್ಕೂ ಸಾಲಲಿಲ್ಲ.

ಆದರೆ ನಿಜವಾದ ಬದಲಾವಣೆ ಪಲ್ಲವಿಯಂತೆ ಮರಳಿ ಬರುವ ಚಿಕ್ಕ ಸಾಲಿನಲ್ಲಿದೆ. ಇಂಗ್ಲಿಷ್ ಅಲ್ಲಿ ಹೇಳುವುದು ‘ನೀನು ನನ್ನನ್ನು ಮುಂದಕ್ಕೆ ಕರೆದೊಯ್ಯಿ’ ಎಂದಷ್ಟೆ. ಕನ್ನಡದಲ್ಲಿ ಆ ಜಾಗದಲ್ಲೆಲ್ಲ ಒಂದು ಕೈ ಬಂದು ಸೇರಿಕೊಂಡಿದೆ. ಕೈ ಹಿಡಿ, ಹಿಡಿದು ನಡೆಸು ಎನ್ನುತ್ತದೆ ಕನ್ನಡ, ಒಂದಲ್ಲ, ಐದು ಸಲ. ಬೆಳಕಿಗೆ ಎಲ್ಲಿಂದ ಬಂತು ಕೈ? ಮೂಲಕ್ಕೆ ನಿಷ್ಠೆ ಎಂಬ ಲೆಕ್ಕದಲ್ಲಿ ನೋಡಿದರೆ ಇದು ತಪ್ಪೇ. ಆದರೆ ಈ ಕೈ ಬಂದ ದಾರಿಯನ್ನು ಕನ್ನಡದ ಕ್ರಿಯಾಪದವೇ ಹೇಳುತ್ತದೆ. ನಾವು ‘ನಡೆ’ ಎನ್ನುತ್ತೇವೆ, ಅದಕ್ಕೆ ‘ಸು’ ಸೇರಿಸಿ ‘ನಡೆಸು’ ಎನ್ನುತ್ತೇವೆ. ಇಂಗ್ಲಿಷಿನ ಕ್ರಿಯೆಯಲ್ಲಿ ಮುಂದೆ ಹೋಗುವವನು ಮುಖ್ಯ. ಕನ್ನಡದ ‘ನಡೆಸು’ವಿನಲ್ಲಿ ನಡೆಯಬೇಕಾದವನು ಮುಖ್ಯ, ಅವನಿಂದ ನಡಿಗೆ ಮಾಡಿಸಬೇಕು. ನಡೆಸಬೇಕಾದರೆ ಮುಟ್ಟಬೇಕು. ಮುಂದಿನ ಸಾಲಿನಲ್ಲಿ ಮತ್ತೊಂದು ಪ್ರೇರಣಾರ್ಥಕ ಬರುವುದು ನೋಡಿ. ನ್ಯೂಮನ್ ತನ್ನ ಪಾದಗಳನ್ನು ಕಾಪಾಡು ಎಂದು ಬೇಡುತ್ತಾರೆ, ಬೈಬಲಿನ ಧಾಟಿಯಲ್ಲಿ. ಬಿಎಂಶ್ರೀ ಅಡಿ ‘ಇಡಿಸು’ ಎನ್ನುತ್ತಾರೆ. ಹೀಗಿಡು ಎಂದು ಹೇಳಿಕೊಟ್ಟು ಹೆಜ್ಜೆ ಇಡಿಸುವುದು. ಕತ್ತಲಲ್ಲಿ ದೀಪ ಕಂಡು ಹಿಂಬಾಲಿಸುತ್ತಿದ್ದ ವಯಸ್ಕ ಪ್ರಯಾಣಿಕ ಕನ್ನಡದಲ್ಲಿ ನಡೆಯಲು ಕಲಿಯುತ್ತಿರುವ ಮಗುವಾಗಿದ್ದಾನೆ.

ಇದು ಲಾಭವೆ, ನಷ್ಟವೆ? ಎರಡೂ, ಒಂದೇ ಜಾಗದಲ್ಲಿ. ಲಾಭ ಎಲ್ಲರಿಗೂ ಕಾಣುತ್ತದೆ. ಈ ಪದ್ಯ ಕನ್ನಡದಲ್ಲಿ ಪ್ರಾರ್ಥನೆಯಾಗಿ ನಿಂತದ್ದು ಆ ಕೈಯಿಂದಲೇ. ನಷ್ಟ ಸೂಕ್ಷ್ಮವಾದದ್ದು. ಮೊದಲ ನುಡಿಯ ಕೊನೆಯಲ್ಲಿ ಪ್ರಸಿದ್ಧವಾದ ಮಾತಿದೆ: ದೂರದ್ದೇನೂ ಕಾಣಬೇಕಿಲ್ಲ, ಒಂದು ಹೆಜ್ಜೆಯಷ್ಟು ಸಾಕು. ಮೂಲದಲ್ಲಿ ಇದು ಸಂಯಮದ ಮಾತು. ಹೇಳುವವನು ದಾರಿಯನ್ನು ತಾನೇ ಆರಿಸಿ, ದೂರವನ್ನು ಅಳೆದು ಅಭ್ಯಾಸವಿರುವ ಬುದ್ಧಿವಂತ. ಅಂಥವನು ನೋಡುವ ಹಂಬಲವನ್ನು ಬಿಟ್ಟುಕೊಡುತ್ತಿದ್ದಾನೆ. ಬೆಳಕು ಎಷ್ಟು ಮುಂದಿದೆ ಎಂದು ಗೊತ್ತಿಲ್ಲದೆಯೂ ಸಾಕೆನ್ನುವುದರಲ್ಲಿ ಅದರ ಕಷ್ಟವಿದೆ. ಕೈ ಹಿಡಿದವರು ಪಕ್ಕದಲ್ಲೇ ಇದ್ದಾಗ ಮಗು ದೂರ ನೋಡುವುದಾದರೂ ಏಕೆ? ಒಂದು ಹೆಜ್ಜೆ ಸಾಕು ಎನ್ನುವುದು ಅಲ್ಲಿ ತ್ಯಾಗ ಅನ್ನಿಸುವುದಿಲ್ಲ, ಸಹಜ ಅನ್ನಿಸುತ್ತದೆ. ಸಾಲಿನ ಅರ್ಥ ಹಾಗೇ ಇದೆ, ಅದರ ಬೆಲೆ ಇಳಿದಿದೆ.

ಇನ್ನು ನಡೆ. ಅನುವಾದದ ಚರ್ಚೆಯಲ್ಲಿ ಛಂದಸ್ಸಿನ ಮಾತು ಬಂದರೆ ಓದುಗರು ಪುಟ ಮಗುಚುತ್ತಾರೆ, ಗೊತ್ತು. ಆದರೂ ಇಲ್ಲಿ ಒಂದು ಲೆಕ್ಕ ಮಾಡಿ ನೋಡುವಂಥದ್ದು. ನ್ಯೂಮನ್ನರ ನುಡಿಯಲ್ಲಿ ಆರು ಸಾಲು. ಹತ್ತು ಉಚ್ಚಾರಾಂಶದ ಉದ್ದ ಸಾಲು, ಬೆನ್ನಿಗೇ ನಾಲ್ಕರ ಗಿಡ್ಡ ಸಾಲು, ಮತ್ತೆ ಹತ್ತು, ನಾಲ್ಕು, ಕೊನೆಗೆ ಹತ್ತರದೇ ಎರಡು. ಇಂಗ್ಲಿಷಿನಲ್ಲಿ ಲಯ ಹುಟ್ಟುವುದು ಒತ್ತಿನಿಂದ. ಕನ್ನಡದಲ್ಲಿ ಆ ಒತ್ತು ಇಲ್ಲ, ನಮ್ಮದು ಮಾತ್ರೆಯ ಎಣಿಕೆ. ‘ಕರುಣಾಳು’ ಎಂಬುದನ್ನೇ ಎಣಿಸಿ: ಕ ಒಂದು, ರು ಒಂದು, ಣಾ ಎರಡು, ಳು ಒಂದು, ಒಟ್ಟು ಐದು. ‘ಬಾ ಬೆಳಕೆ’ಯಲ್ಲಿ ಬಾ ಎರಡು, ಉಳಿದ ಮೂರಕ್ಕೆ ಒಂದೊಂದು, ಮತ್ತೆ ಐದು. ಹೀಗೆ ಐದೈದು ಮಾತ್ರೆಯ ನಾಲ್ಕು ಗಣ ಸೇರಿದರೆ ನ್ಯೂಮನ್ನರ ಒಂದು ಉದ್ದ ಸಾಲಿಗೆ ಸಮನಾಗಿ ಇಪ್ಪತ್ತು ಮಾತ್ರೆ. ಗಿಡ್ಡ ಸಾಲು ಅದರ ಸುಮಾರು ಅರ್ಧ. ಉದ್ದ-ಗಿಡ್ಡದ ಆ ಎಳೆತ-ನಿಲುಗಡೆ ಕನ್ನಡಕ್ಕೂ ಬಂತು.

ಐದು ಮಾತ್ರೆಯ ನಾಲ್ಕು ಗಣ ಎಂದರೆ ವಾರ್ಧಕ ಷಟ್ಪದಿಯ ಮೊದಲ ಸಾಲಿನ ಅಳತೆ. ಲಕ್ಷ್ಮೀಶನ ಜೈಮಿನಿ ಭಾರತವನ್ನು ಗಮಕಿಗಳ ಬಾಯಲ್ಲಿ ಕೇಳಿದವರಿಗೆ ಆ ನಡೆ ಕಿವಿಯಲ್ಲೇ ಇರುತ್ತದೆ. ಬಿಎಂಶ್ರೀ ಷಟ್ಪದಿ ಬರೆಯಲಿಲ್ಲ. ಸಾಲನ್ನು ಮುರಿದರು, ವಾಕ್ಯವನ್ನು ಸಾಲಿನ ನಡುವೆಯೇ ನಿಲ್ಲಿಸಿದರು, ಗಿಡ್ಡ ಸಾಲು ತಂದರು. ಆದರೆ ಕಾಲ ಕೆಳಗಿನ ನೆಲ ಹಳೆಯದೇ. ‘ಹೊಸ ಕವಿತೆ’ ಎಂದು ಬಂದದ್ದನ್ನು ಜನ ಮೊದಲ ಸಲಕ್ಕೇ ಹಾಡಬಲ್ಲವರಾದದ್ದಕ್ಕೆ ಇದೂ ಒಂದು ಕಾರಣ ಎಂದು ನನ್ನ ಊಹೆ.

ಪ್ರಾಸದಲ್ಲಿ ಅವರು ಮಾಡಿರುವುದು ಇನ್ನೂ ಜಾಣತನದ್ದು. ಇಂಗ್ಲಿಷ್ ಪದ್ಯದ ಪ್ರಾಸ ಸಾಲಿನ ಕೊನೆಯಲ್ಲಿದೆ. ಒಂದನೆಯ ಸಾಲಿಗೆ ಮೂರನೆಯದು, ಎರಡನೆಯದಕ್ಕೆ ನಾಲ್ಕನೆಯದು. ಅಂದ ಹಾಗೆ ಮೂಲದ ಮೊದಲ ಪ್ರಾಸವೇ ಕಿವಿಗೆ ಪೂರ್ತಿ ಕೂಡುವುದಿಲ್ಲ. ಕನ್ನಡದಲ್ಲಿ ಅದಕ್ಕೆ ಸಮನಾದ ಜಾಗಗಳಲ್ಲಿ ಸಾಲಿನ ಕೊನೆ ನೋಡಿದರೆ ಅಷ್ಟೇನೂ ಸಿಗದು. ಆರಂಭ ನೋಡಬೇಕು. ಒಂದು ಉದ್ದ ಸಾಲು ‘ಕರುಣಾಳು’ ಎಂದು ತೊಡಗಿದರೆ ಅದರ ಜೊತೆಯದು ‘ಇರುಳು’ ಎಂದು ತೊಡಗುತ್ತದೆ. ಎರಡನೆಯ ಅಕ್ಷರ ಎರಡರಲ್ಲೂ ‘ರು’. ‘ಹೇಳಿ’ಗೆ ‘ಕೇಳಿ’, ‘ಮುನ್ನ’ಕ್ಕೆ ‘ನನ್ನ’, ‘ಇಷ್ಟು’ಗೆ ‘ಕಷ್ಟ’. ನಮ್ಮ ಹಳೆಯ ಕಾವ್ಯದ ದ್ವಿತೀಯಾಕ್ಷರ ಪ್ರಾಸ ಇದು. ಹೊಸ ಪದ್ಯಕ್ಕೆ ಇದರ ಕಟ್ಟು ಬೇಡ ಎನ್ನುವ ದಾರಿ ತೆರೆದ ಪುಸ್ತಕದಲ್ಲೇ ಇದು ಸದ್ದಿಲ್ಲದೆ ಕೂತಿದೆ. ಬರಿಯ ಸದ್ದಿಗಾಗಿ ಕೂತದ್ದೂ ಅಲ್ಲ. ಕರುಣೆಯೂ ಇರುಳೂ ಪ್ರಾಸದಿಂದ ಜೋಡಿಯಾದವು. ‘ಹಿಂದೆ’ ಎಂಬರ್ಥದ ‘ಮುನ್ನ’ವೂ ಅಹಂಕಾರದ ‘ನನ್ನ’ವೂ ಜೋಡಿಯಾದವು. ಇಂಗ್ಲಿಷಿನ ಪ್ರಾಸಗಳಲ್ಲಿ ಇಷ್ಟು ಕೆಲಸ ಮಾಡುವುದು ನನಗೆ ಕಾಣಿಸಿಲ್ಲ.

ಪದ ತುಂಬಿಸಿದ ಜಾಗಗಳೂ ಇವೆ, ಅದನ್ನು ಮುಚ್ಚಿಡಬೇಕಿಲ್ಲ. ಇರುಳು ಕತ್ತಲಾಗಿದೆ ಎಂದು ನ್ಯೂಮನ್ ಬೋಳಾಗಿ ಹೇಳುತ್ತಾರೆ, ಒಂದು ಅಲಂಕಾರವೂ ಇಲ್ಲ. ಜ್ವರದಿಂದೆದ್ದವನ ಮಾತಿಗೆ ಅದು ಒಪ್ಪುತ್ತದೆ. ಕನ್ನಡದಲ್ಲಿ ಇರುಳಿಗೆ ಒಂದು ‘ಗವಿ’ ಸೇರಿದೆ. ಅಲ್ಲಿ ಗಣಕ್ಕೆ ಎರಡು ಮಾತ್ರೆ ಬೇಕಿತ್ತು, ಗವಿ ಎರಡು ಮಾತ್ರೆ. ಮೂರನೆಯ ನುಡಿಯಲ್ಲೂ ಹೀಗೆಯೇ. ಮೂಲದಲ್ಲಿ ಬಯಲು, ಜೌಗು, ಬಂಡೆ, ರಭಸದ ತೊರೆ ಎಂದು ಉತ್ತರ ಇಂಗ್ಲೆಂಡಿನದೆನ್ನಬಹುದಾದ ನೆಲದ ಹೆಸರುಗಳು ಒಂದರ ಮೇಲೊಂದು ಬರುತ್ತವೆ. ಇವು ಬದುಕಿನ ಕಷ್ಟಗಳ ಸಂಕೇತ ಎಂದು ಕವಿ ಬಾಯಿಬಿಟ್ಟು ಹೇಳುವುದಿಲ್ಲ. ಕನ್ನಡದಲ್ಲಿ ಜೌಗು ಹೋಗಿ ಅಡವಿ ಬಂತು, ಬೆಟ್ಟ ಹೊಳೆ ಬಂದವು. ಇದು ಸರಿಯೇ, ನಮ್ಮ ಕಥೆಗಳಲ್ಲಿ ದಾರಿ ತಪ್ಪುವುದು ಅಡವಿಯಲ್ಲೇ ತಾನೆ. ಆದರೆ ಅಡವಿಗೆ ‘ಕಷ್ಟ’ ಎಂಬ ಹಣೆಪಟ್ಟಿಯನ್ನೂ ಅಂಟಿಸಿದ್ದಾರೆ. ಓದುಗ ತಾನೇ ಕಂಡುಕೊಳ್ಳಬೇಕಾದದ್ದನ್ನು ಕವಿ ಹೇಳಿಬಿಟ್ಟರು. ‘ಇಷ್ಟು’ವಿಗೆ ಪ್ರಾಸ ಸಿಕ್ಕಿತು, ನೆಲ ಸ್ವಲ್ಪ ಮಸುಕಾಯಿತು.

ಆ ಕೊನೆಯ ನುಡಿಯ ಧ್ವನಿಯೂ ಬೇರೆ. ಇಷ್ಟು ಕಾಲ ನಿನ್ನ ಶಕ್ತಿ ನನ್ನನ್ನು ಹರಸಿದೆ, ಮುಂದೆಯೂ ಖಂಡಿತ ನಡೆಸುತ್ತದೆ ಎನ್ನುವುದು ಇಂಗ್ಲಿಷಿನದು. ಅದೊಂದು ಹೇಳಿಕೆ. ಕನ್ನಡದಲ್ಲಿ ಅದು ಪ್ರಶ್ನೆ: ನಡೆಸದೆ ಇರುತ್ತೀಯಾ? ಇರುಳನ್ನು ನೂಕದೆ ಇರುತ್ತೀಯಾ? ಜೊತೆಗೆ ತನ್ನನ್ನು ‘ಮೂರ್ಖ’ ಎಂದು ಕರೆದುಕೊಳ್ಳುವುದೂ ಸೇರಿದೆ, ಮೂಲದಲ್ಲಿ ಅದಿಲ್ಲ. ಖಚಿತತೆ ಹೋಗಿ ಸಂಶಯ ಬಂತು ಎಂದು ಇಂಗ್ಲಿಷ್ ಓದಿ ಬಂದವರಿಗೆ ತೋರಬಹುದು. ಕನ್ನಡದಲ್ಲಿ ನಿಷೇಧದ ಪ್ರಶ್ನೆ ಸಂಶಯದ್ದಲ್ಲ. ‘ನೀನು ಬರದೇ ಇರ್ತೀಯಾ?’ ಎಂದು ಕೇಳುವವರು ಬಂದೇ ಬರುತ್ತಾರೆಂದು ಗೊತ್ತಿದ್ದು ಕೇಳುತ್ತಾರೆ. ಅದರಲ್ಲಿ ಸಲಿಗೆ ಇದೆ, ಹಕ್ಕೊತ್ತಾಯ ಇದೆ. ದೇವರನ್ನು ಹೀಗೆ ಕಟಕಟೆಗೆ ನಿಲ್ಲಿಸುವ ರೂಢಿ ದಾಸರಿಂದ ಬಂದದ್ದು, ನ್ಯೂಮನ್ನರ ಚರ್ಚಿನಲ್ಲಿ ಅದಕ್ಕೆ ಎಡೆ ಇರಲಿಲ್ಲ. ಇದನ್ನು ನಾನು ಲಾಭದ ಕಡೆಗೇ ಬರೆದುಕೊಳ್ಳುತ್ತೇನೆ.

ಕೊನೆಯ ಎರಡು ಸಾಲಿನ ದೇವದೂತರ ವಿಚಾರ ಎಲ್ಲರೂ ಎತ್ತುತ್ತಾರೆ. ಇರುಳು ಕಳೆದು ಬೆಳಗಾದಾಗ, ಹಿಂದೆ ಪ್ರೀತಿಸಿ ನಡುವೆ ಕಳೆದುಕೊಂಡ ದೇವದೂತರ ಮುಖಗಳು ನಗುತ್ತವೆ ಎಂದು ಮೂಲ. ಕನ್ನಡದಲ್ಲಿ ದೇವದೂತರಿಲ್ಲ, ‘ದಿವ್ಯಮುಖ’ ಇದೆ. ಕ್ರೈಸ್ತ ಸೂಚನೆ ಅಳಿಸಿಹೋಯಿತು ಎಂಬುದು ದೂರು. ಎರಡು ಸಂಗತಿ ನೆನಪಿಡಬೇಕು. ಮೂಲ ಪದ್ಯದಲ್ಲೇ ಕ್ರಿಸ್ತನ ಹೆಸರಿಲ್ಲ. ಅದು ಕೊರತೆ ಎನಿಸಿ ಬಿಷಪ್ ಬಿಕರ್‌ಸ್ಟೆತ್ ಎಂಬವರು ಸ್ತೋತ್ರ ಸಂಕಲನಕ್ಕಾಗಿ ನಾಲ್ಕನೆಯ ನುಡಿಯೊಂದನ್ನು ತಾವೇ ಕಟ್ಟಿ ಸೇರಿಸಿದರು. ನ್ಯೂಮನ್ ಅದಕ್ಕೆ ಆಕ್ಷೇಪಿಸಿದರು. ಎರಡನೆಯದು, ಆ ಮುಖಗಳು ಯಾರವು ಎಂದು 1879ರಲ್ಲಿ ಒಬ್ಬರು ಪತ್ರ ಬರೆದು ಕೇಳಿದಾಗ, ಸುಮಾರು ಐವತ್ತು ವರ್ಷದ ಹಿಂದೆ ತನ್ನ ಮನಸ್ಸಿನಲ್ಲಿ ಏನಿತ್ತೆಂದು ಹೇಳುವ ಹೊಣೆ ತನಗಿಲ್ಲ ಎಂದು ನ್ಯೂಮನ್ ಜಾರಿಕೊಂಡರು. ಕವಿಯೇ ಬಿಟ್ಟುಕೊಟ್ಟದ್ದನ್ನು ಅನುವಾದಕ ಹಿಡಿದಿಟ್ಟುಕೊಳ್ಳಬೇಕೆಂಬ ಹಟ ಏಕೆ? ‘ಮುಖ’ ಎಂಬ ನಮ್ಮ ಪದ ಬಹುವಚನದ ಗುರುತಿಲ್ಲದೆಯೂ ನಡೆಯುತ್ತದೆ. ಒಂದೇ ಮುಖ ಎಂದು ಓದಿದರೆ ಅದು ದೇವರದಾಗಬಹುದು, ಹಲವು ಎಂದರೆ ತೀರಿಕೊಂಡ ನಮ್ಮವರದಾಗಬಹುದು. ಮೂಲಕ್ಕಿಲ್ಲದ ಅನುಕೂಲ ಇದು.

ನನ್ನ ಲೆಕ್ಕದಲ್ಲಿ ದೊಡ್ಡ ನಷ್ಟ ಆಗಿರುವುದು ಯಾರೂ ನೋಡದ ಎರಡನೆಯ ನುಡಿಯಲ್ಲಿ. ಅಲ್ಲಿ ನ್ಯೂಮನ್ ತನ್ನ ಹಳೆಯ ಬಾಳನ್ನು ಒಪ್ಪಿಸುತ್ತಾರೆ. ಗರ್ವ ನನ್ನ ಇಚ್ಛೆಯನ್ನು ಆಳುತ್ತಿತ್ತು ಎಂದು ಅವರು ರಾಜ-ಪ್ರಜೆಯ ರೂಪಕದಲ್ಲಿ ಹೇಳುವುದನ್ನು ಬಿಎಂಶ್ರೀ ‘ಕೊಬ್ಬಿದೆ’, ‘ಮೆರೆದೆ’ ಎನ್ನುವ ಜಗಳದ ಮಾತಿಗೆ ಇಳಿಸಿದ್ದಾರೆ. ಎಂಥ ಸೊಗಸಾದ ಇಳಿತ! ‘ನಿನಗೆ ಕೊಬ್ಬು’ ಎಂದು ಬೈಸಿಕೊಳ್ಳದ ಕನ್ನಡಿಗ ಉಂಟೆ? ಆದರೆ ಅದೇ ಸಾಲಿನಲ್ಲಿ ಭಯದ ವಿಚಾರ ತಲೆಕೆಳಗಾಗಿದೆ. ಮೂಲದಲ್ಲಿ ಒಳಗೆ ಭಯವಿದ್ದೂ ಗರ್ವ ಗೆದ್ದಿತ್ತು. ಕನ್ನಡದಲ್ಲಿ ಭಯ ಮರೆತೇಹೋಗಿತ್ತು. ಹೆದರುತ್ತಲೇ ಮೆರೆಯುವವನು ಹೆದರಿಕೆ ಮರೆತು ಮೆರೆಯುವವನಿಗಿಂತ ಸಂಕೀರ್ಣ ಮನುಷ್ಯ, ಅವನು ಅನುವಾದದಲ್ಲಿ ಕಳೆದುಹೋದ.

ಅದಕ್ಕಿಂತ ಮಿಗಿಲಾದದ್ದು ಹಗಲು. ನಾನು ಕಣ್ಣು ಕುಕ್ಕುವ ಹಗಲನ್ನು ಪ್ರೀತಿಸಿದ್ದೆ ಎನ್ನುತ್ತಾರೆ ನ್ಯೂಮನ್. ಪದ್ಯದ ಬೆನ್ನೆಲುಬು ಇದು. ಕತ್ತಲೆಯಿಂದ ಬೆಳಕಿಗೆ ಎಂಬ ಸುಲಭದ ದಾರಿ ಅಲ್ಲಿಲ್ಲ, ಒಂದು ಬೆಳಕಿನಿಂದ ಇನ್ನೊಂದು ಬೆಳಕಿಗೆ ಹೋಗಬೇಕು. ಹಗಲಿನ ಥಳಕು ಇದ್ದಾಗ ಆ ಸೌಮ್ಯವಾದ ಬೆಳಕು ಕಾಣಲೇ ಇಲ್ಲ. ಇರುಳು ಕವಿದ ಮೇಲೆಯೇ ಅದು ಕಂಡದ್ದು. ಹಾಗಾಗಿ ಇರುಳು ಬರಿಯ ಶತ್ರುವಲ್ಲ. ಕನ್ನಡದಲ್ಲಿ ಹಗಲು ಇಲ್ಲ, ಮಿರುಗುವ ‘ಬಣ್ಣ’ ಇದೆ. ಎರಡು ಬೆಳಕುಗಳ ಎದುರುಬದುರು ಹೋಗಿ, ಬೆಳಕು ಒಳ್ಳೆಯದು, ಕತ್ತಲು ಕೆಟ್ಟದ್ದು ಎಂಬ ಪರಿಚಿತ ನೀತಿ ಉಳಿದುಕೊಂಡಿತು.

ಛಂದಸ್ಸು ಹೀಗೆ ಮಾಡಿಸಿತು ಎನ್ನುವ ಹಾಗೂ ಇಲ್ಲ. ‘ಬಣ್ಣಕೆ’ ಎಂದರೆ ನಾಲ್ಕು ಮಾತ್ರೆ. ಅದೇ ಜಾಗದಲ್ಲಿ ‘ಹಗಲಿಗೆ’ ಎಂದು ಹಾಕಿ ನೋಡಿ, ಅದೂ ನಾಲ್ಕೇ. ‘ಮಿರುಗು’ವಿನ ಪಕ್ಕದಲ್ಲಿ ಗಣ ಎಲ್ಲೂ ಮುರಿಯುವುದಿಲ್ಲ. ಹಾಗಿದ್ದರೆ ಬಿಎಂಶ್ರೀ ಏಕೆ ಬಿಟ್ಟರು? ಬಾಯಿಬಿಟ್ಟು ಹೇಳಿದರೆ ಒಂದು ಕಾರಣ ತಿಳಿಯುತ್ತದೆ. ‘ಮಿರುಗು ಹಗಲಿಗೆ’ಯಲ್ಲಿ ಏಳಕ್ಕೆ ಏಳೂ ಲಘು, ನಾಲಗೆ ಜಾರಿಕೊಂಡು ಹೋಗುತ್ತದೆ. ‘ಬಣ್ಣ’ದ ಒತ್ತಕ್ಷರ ಅದನ್ನು ಒಂದು ಕ್ಷಣ ತಡೆದು ನಿಲ್ಲಿಸುತ್ತದೆ. ಇನ್ನೊಂದು ಕಾರಣ ಅರ್ಥದ್ದು. ಬಣ್ಣದ ಮಾತು, ಬಣ್ಣ ಬಯಲಾಯಿತು ಎನ್ನುವ ನಮ್ಮಲ್ಲಿ ಬಣ್ಣ ಎಂದರೆ ಸೋಗು. ಅದಕ್ಕೆ ಅವರು ಕೊಟ್ಟ ಕ್ರಿಯಾಪದ ‘ಬೆರೆ’. ಬಣ್ಣಕ್ಕೆ ಬಣ್ಣ ಬೆರೆಯುತ್ತದೆ, ಮನುಷ್ಯ ಅದರಲ್ಲಿ ಬೆರೆತುಹೋಗಬಲ್ಲ. ಹಗಲಿಗೆ ಯಾರೂ ಬೆರೆಯಲಾರರು. ‘ಹಗಲು’ ಉಳಿಸಿಕೊಳ್ಳಬೇಕಿದ್ದರೆ ಆ ಕ್ರಿಯಾಪದವನ್ನೂ, ಅದಕ್ಕೆ ತಾಳ ಹಾಕಿದಂತೆ ಹಿಂದೆಯೇ ಬರುವ ‘ಮರೆ’ ಎಂಬುದನ್ನೂ ಬಿಡಬೇಕಾಗುತ್ತಿತ್ತು. ಸಾಲನ್ನು ಬುಡದಿಂದ ಮತ್ತೆ ಕಟ್ಟಬೇಕಾಗುತ್ತಿತ್ತು. ಅವರು ಸಾಲನ್ನು ಉಳಿಸಿಕೊಂಡರು, ಹಗಲನ್ನು ಬಿಟ್ಟರು.